ಮೂರು ದಿನದ ಕಾನ್ಫರೆನ್ಸ್‌ಗೆ ಹೋಟೆಲ್ ಪ್ರಪೋಸಲ್ ಲೆಟರ್: ರೂಮ್ ಬ್ಲಾಕ್, ಊಟದ ಪ್ಯಾಕೇಜ್ ಹೇಗೆ ಬರೀಬೇಕು? (ಡ್ರಾಫ್ಟ್ ಹಾಕಿದ್ದೀನಿ, ಬೈದ್ರೂ ಪರವಾಗಿಲ್ಲ)

ತಪ್ಪಲಿನ ಹುಡುಗ

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ 84 ರೂಮಿನ ಒಂದು ಹೋಟೆಲ್‌ನಲ್ಲಿ ಸೇಲ್ಸ್‌ಗೆ ಸೇರಿ ಎಂಟು ತಿಂಗಳಾಯ್ತು, ಇಲ್ಲಿವರೆಗೂ ಸಣ್ಣಪುಟ್ಟ ಬರ್ತ್‌ಡೇ, ಒಂದು ದಿನದ ಟ್ರೈನಿಂಗ್ ಇಂಥವೇ ನೋಡ್ಕೊಂಡಿದ್ದೆ, ಈಗ ಬೆಂಗಳೂರಿನ ಒಂದು ಕಂಪನಿಯವ್ರು ಸೇಲ್ಸ್ ಕಾನ್ಫರೆನ್ಸ್‌ಗೆ ಪ್ರಪೋಸಲ್ ಕೇಳಿದ್ದಾರೆ. ಬುಧವಾರ ಬೆಳಿಗ್ಗೆ 9.30ಕ್ಕೆ ಶುರು, ಶುಕ್ರವಾರ ಮಧ್ಯಾಹ್ನ ಊಟ ಆದ್ಮೇಲೆ ಮುಗಿಯುತ್ತೆ, 130 ಜನ. ನಮ್ಮ ಮ್ಯಾನೇಜರ್ ರಜೆ ಮೇಲಿದ್ದಾರೆ, ಹಳೇ ಟೆಂಪ್ಲೇಟ್ ಕೊಟ್ಟು ನೀನೇ ಮಾಡು ಅಂದ್ರು. ಲೆಟರ್ ಕಳಿಸೋದು ಇಂಗ್ಲಿಷ್‌ನಲ್ಲೇ, ಇಲ್ಲಿ ಮುಖ್ಯ ಭಾಗ ಕನ್ನಡದಲ್ಲಿ ಹಾಕ್ತಾ ಇದೀನಿ:

"ನಿಮ್ಮ ಪ್ರತಿಷ್ಠಿತ ಸಂಸ್ಥೆಯ ಸಮ್ಮೇಳನಕ್ಕೆ ನಮ್ಮ ಹೋಟೆಲನ್ನು ಪರಿಗಣಿಸಿದ್ದಕ್ಕೆ ಧನ್ಯವಾದಗಳು. ಟ್ವಿನ್ ಶೇರಿಂಗ್ ಆಧಾರದ ಮೇಲೆ 65 ರೂಮುಗಳು, 2 ರಾತ್ರಿ. ಪ್ರತಿ ವ್ಯಕ್ತಿಗೆ ದಿನಕ್ಕೆ ರೂ. 6,500, ಇದರಲ್ಲಿ ವಾಸ್ತವ್ಯ, ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್, ಎರಡು ಸಲ ಟೀ, ಹಾಲ್ ಎಲ್ಲವೂ ಸೇರಿದೆ. ಜಿಎಸ್‌ಟಿ 12% ಪ್ರತ್ಯೇಕ. ರೂಮುಗಳು ಲಭ್ಯತೆಯ ಮೇಲೆ ಅವಲಂಬಿತ. 50% ಮುಂಗಡ."

ಇದರ ಜೊತೆ ಹೋಟೆಲ್ ಬಗ್ಗೆ ಎರಡು ಪೇಜ್, ಫೋಟೋ, ಮೆನು ಎಲ್ಲಾ ಇದೆ. ಕಳಿಸ್ಬಹುದಾ?

ಹುಬ್ಬಳ್ಳಿ ಮಂದಿ

ಕಳಸ್ಬ್ಯಾಡ್ರಿ! ಮೊದ್ಲ ಒಂದ್ ಮಾತ್ ಹೇಳ್ರಿ, ಬುಧವಾರ ಮುಂಜಾನೆ 9.30ಕ್ಕ ಶುರು ಅಂದ್ರ ನಮ್ಮ ಕಡೆಯವ್ರು ಯಾವಾಗ ಬರಬೇಕು? ನಾನು ಇಂಥಾ ಒಂದು ಮೀಟಿಂಗಿಗೆ ಹಂಪಿ ಎಕ್ಸ್‌ಪ್ರೆಸ್‌ನ್ಯಾಗ ಮೈಸೂರಿಗೆ ಬಂದಿದ್ದೆ, ರಾತ್ರಿಯೆಲ್ಲಾ ರೈಲು, ಮುಂಜಾನೆ ಇಳದು ಹೋಟೆಲ್‌ಗೆ ಹೋದ್ರ ಚೆಕ್‌ಇನ್ 2 ಗಂಟೆಗೆ ಅಂದ್ರು. ಲಾಬಿ ಟಾಯ್ಲೆಟ್‌ನ್ಯಾಗ ಹಲ್ಲುಜ್ಜಿ ಅಂಗಿ ಬದಲಿಸ್ಕೊಂಡು ಮೀಟಿಂಗಿಗೆ ಕುಂತೆ. ಮೊದಲನೇ ದಿನ ಅರ್ಧ ಮಂದಿ ತೂಕಡಸ್ತಿದ್ರು.

ಕರಾವಳಿ ಬ್ಯಾಂಕ್ವೆಟ್

ಹುಬ್ಬಳ್ಳಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ರು. ನಾನು ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವ, ಮಂಗಳೂರಲ್ಲಿ, ನಡುವೆ ಐದು ವರ್ಷ ಬೆಂಗಳೂರಲ್ಲಿ. ಮಾರಾಯ, ನಿನ್ನ ಲೆಟರಿನಲ್ಲಿ ದೊಡ್ಡ ತಪ್ಪು ಭಾಷೆಯದ್ದಲ್ಲ. 130ನ್ನು ಎರಡರಿಂದ ಭಾಗಿಸಿ 65 ಅಂತ ಬರೆದದ್ದುಂಟಲ್ಲ, ಅದು. ಮೂರು ದಿನದ ಕಾನ್ಫರೆನ್ಸ್ ಅಂದ್ರೆ ಎರಡು ರಾತ್ರಿ ಅಂತ ಯಾರು ಹೇಳಿದ್ದು? ರೂಮ್ ಬ್ಲಾಕ್ ಎಲ್ಲಾ ರಾತ್ರಿ ಒಂದೇ ಎತ್ತರ ಇರುವ ಗೋಡೆ ಅಲ್ಲ. ಹಿಂದಿನ ರಾತ್ರಿ ಸ್ವಲ್ಪ, ನಡುವೆ ಎರಡು ರಾತ್ರಿ ಪೂರ್ತಿ, ಕೊನೆ ರಾತ್ರಿ ನಾಲ್ಕಾರು ಅಂತ ಗುಡ್ಡದ ಹಾಗೆ ಇರ್ತದೆ.

ಅವರಿಗೆ ಇವತ್ತೇ ಫೋನ್ ಮಾಡಿ ನಾಲ್ಕು ವಿಷಯ ಕೇಳು. 130ರಲ್ಲಿ ಮೈಸೂರಿನವರು ಎಷ್ಟು, ಅವರಿಗೆ ರೂಮೇ ಬೇಡ. ಮಂಗಳವಾರ ರಾತ್ರಿಯೇ ಬರುವವರು ಎಷ್ಟು. ಸಿಂಗಲ್ ರೂಮ್ ಕೊಡಬೇಕಾದ ದೊಡ್ಡವರು ಎಷ್ಟು. ಗಂಡಸರೆಷ್ಟು ಹೆಂಗಸರೆಷ್ಟು. ಇದಿಷ್ಟು ತಗೊಂಡು ಬಾ, ಆಮೇಲೆ ಮಾತಾಡುವ. ಹಾಗೇ ನಿಮ್ಮ 84ರಲ್ಲಿ ಬೇರೆ ಬೇರೆ ಎರಡು ಹಾಸಿಗೆ ಇರುವ ರೂಮ್ ಎಷ್ಟು ಅಂತ ಹೌಸ್‌ಕೀಪಿಂಗ್‌ನವರ ಹತ್ರ ಕೇಳು, ಫ್ರಂಟ್ ಆಫೀಸಿನ ಹತ್ರ ಅಲ್ಲ.

ಭಟ್ರ ಅಡಿಗೆ

130 ಜನಕ್ಕೆ ಎಲೆ ಊಟ ಆದ್ರೆ ನಮ್ಮಲ್ಲಿ ಮಾಡಿಸಿ, ಎರಡು ಪಲ್ಯ, ಕೋಸಂಬರಿ, ಬಿಸಿಬೇಳೆಬಾತ್, ಚಿರೋಟಿ, ಮೈಸೂರ್‌ಪಾಕ್ ಎಲ್ಲಾ ಸೇರಿ ಈ ರೇಟಿನ ಕಾಲು ಭಾಗಕ್ಕೇ ಆಗುತ್ತೆ. ದಿನಕ್ಕೆ 6,500 ಅಂದ್ರೆ ಯಾರು ಕೊಡ್ತಾರೆ? ಹುಡುಗನ ಕಡೆಯವ್ರಾ ಹುಡುಗಿ ಕಡೆಯವ್ರಾ?

ತಪ್ಪಲಿನ ಹುಡುಗ

ಭಟ್ರೇ ಮದುವೆ ಅಲ್ಲ ಇದು 😄 ಕಂಪನಿ ಮೀಟಿಂಗು. ಪ್ರಪೋಸಲ್ ಅಂದ್ರೆ ಆ ಪ್ರಪೋಸಲ್ ಅಲ್ಲ.

ಭಟ್ರ ಅಡಿಗೆ

ಓ ಹಾಗಾ. ಕನ್ನಡಕ ಹಾಕಿರ್ಲಿಲ್ಲ. ಆದ್ರೂ ಒಂದು ಮಾತು ಹೇಳ್ತೀನಿ, ದೊಡ್ಡ ಊಟ ಯಾವ ವಾರ ಇಟ್ಟಿದ್ದೀರಿ? ಗುರುವಾರ ರಾತ್ರಿನಾ? ರಾಯರ ವಾರ, ಸಾಯಿಬಾಬಾ ವಾರ ಅಂತ ನಾನ್‌ವೆಜ್ ಮುಟ್ಟದೇ ಇರೋರು ನಮ್ಮಲ್ಲಿ ಬಹಳ. ನಿಮ್ಮ ಶೆಫ್ ಅರ್ಧಕ್ಕರ್ಧ ಅಂತ ಲೆಕ್ಕ ಹಾಕಿ ಕೋಳಿ ತರಿಸ್ತಾನೆ, ಆ ಕಡೆ ಪನೀರು ಒಂಬತ್ತು ಗಂಟೆಗೇ ಖಾಲಿ. ಅದೂ ಅಲ್ದೆ ನಾನ್‌ವೆಜ್ ತಿನ್ನೋರೂ ವೆಜ್ ಕೌಂಟರಿಗೆ ಬಂದು ಹಾಕ್ಕೊಂಡೇ ಹಾಕ್ಕೋತಾರೆ, ಹಂಗಾಗಿ ವೆಜ್ ಯಾವಾಗ್ಲೂ ಜಾಸ್ತಿನೇ ಇರ್ಬೇಕು. ಏಕಾದಶಿ, ಶ್ರಾವಣ, ಕಾರ್ತಿಕ ಸೋಮವಾರ ಎಲ್ಲಾ ಪಂಚಾಂಗ ನೋಡಿ ಮೆನು ಕೊಡಿ.

ಲೆಕ್ಕದ ಪುಸ್ತಕ

ಜಿಎಸ್‌ಟಿ ವಿಷಯಕ್ಕೆ ಬರ್ತೀನಿ. ಡ್ರಾಫ್ಟ್‌ನಲ್ಲಿ 12% ಅಂತ ಇರೋದು ಸರಿ ಇದೆ. ದಿನಕ್ಕೆ 7,500ರವರೆಗಿನ ರೂಮಿಗೆ 12%, ಅದಕ್ಕಿಂತ ಮೇಲೆ 18%. ಊಟಕ್ಕೆ ಎಲ್ಲಾ ಕಡೆ 5%. ಇಷ್ಟೇ, ಸಿಂಪಲ್.

ಅಡ್ಮಿನ್ ಅಕ್ಕ

ಲೆಕ್ಕದ ಪುಸ್ತಕದವ್ರೇ, ನಿಮ್ದು ಹಳೇ ಪುಸ್ತಕ 🙂 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ರೂಮಿಗೆ 5% ಆಗಿದೆ. 7,500ರ ಗೆರೆ ಮಾತ್ರ ಹಾಗೇ ಇದೆ, ಮೇಲೆ ಹೋದ್ರೆ 18%. ನಾನು ಬೆಂಗಳೂರಲ್ಲಿ ಒಂದು ಕಂಪನಿ ಅಡ್ಮಿನ್‌ನಲ್ಲಿ ಇದೀನಿ, ವರ್ಷಕ್ಕೆ ಇಂಥ ಪ್ರಪೋಸಲ್ ಹತ್ತಾರು ನೋಡ್ತೀನಿ, ಅಂದ್ರೆ ನಿಮ್ಮ ಲೆಟರ್ ತಲುಪೋದು ನನ್ನಂಥವಳ ಟೇಬಲ್‌ಗೇ.

ನಿಜ ಹೇಳ್ಬೇಕಂದ್ರೆ ಹೋಟೆಲ್ ಬಗ್ಗೆ ಇರೋ ಆ ಎರಡು ಪೇಜ್ ನಾನು ಓದೋದೇ ಇಲ್ಲ, ಸ್ವಿಮ್ಮಿಂಗ್ ಪೂಲ್ ಫೋಟೋ ನೋಡಿ ಯಾರೂ ಸೈನ್ ಹಾಕಲ್ಲ. ನಾನು ಮೂರು ಹೋಟೆಲ್‌ದು ಪಕ್ಕಪಕ್ಕ ಇಟ್ಟು ಒಂದು ಎಕ್ಸೆಲ್ ಶೀಟ್ ಮಾಡಿ ಬಾಸ್‌ಗೆ ಕಳಿಸ್ತೀನಿ, ಟ್ಯಾಕ್ಸ್ ಸೇರಿ ಒಟ್ಟು ಎಷ್ಟು ಅನ್ನೋ ಒಂದೇ ಸಂಖ್ಯೆ ಅವರು ನೋಡೋದು. "ಪ್ರತಿ ವ್ಯಕ್ತಿಗೆ 6,500 ಎಲ್ಲಾ ಸೇರಿ" ಅಂತ ಬರೆದ್ರೆ ನನಗೆ ತಲೆನೋವು, ಯಾಕಂದ್ರೆ ಮೈಸೂರಿನ ನಮ್ಮ ಸ್ಟಾಫ್ ರೂಮ್ ತಗೊಳಲ್ಲ, ಅವ್ರಿಗೂ 6,500 ಕೊಡ್ಬೇಕಾ? ಬ್ರೇಕ್‌ಫಾಸ್ಟ್ ರೂಮ್ ರೇಟಲ್ಲೂ ಇದೆಯಾ ಪ್ಯಾಕೇಜಲ್ಲೂ ಇದೆಯಾ ಅಂತ ಗೊತ್ತಾಗಲ್ಲ, ಎರಡು ಸಲ ದುಡ್ಡು ಹಿಡಿದಿರೋ ಕೇಸ್ ನೋಡಿದ್ದೀನಿ.

ಇನ್ನೊಂದು, "ಲಭ್ಯತೆಯ ಮೇಲೆ ಅವಲಂಬಿತ" ಅನ್ನೋ ಸಾಲು ಓದಿದ ತಕ್ಷಣ ಇವ್ರು ರೂಮ್ ಹಿಡಿದಿಟ್ಟಿಲ್ಲ ಅಂತ ಅರ್ಥ ಮಾಡ್ಕೋತೀನಿ. ಇಂಥ ತಾರೀಖಿನವರೆಗೆ ರೂಮು ಹಾಲು ಎರಡೂ ನಿಮ್ಮ ಹೆಸರಲ್ಲಿ ಹಿಡಿದಿಟ್ಟಿರ್ತೀವಿ, ಅಷ್ಟರೊಳಗೆ ಸೈನ್ ಆಗದಿದ್ರೆ ಬಿಡ್ತೀವಿ ಅಂತ ಬರೀರಿ. ನಮ್ಮಲ್ಲಿ ಅಪ್ರೂವಲ್‌ಗೆ ಹತ್ತು ದಿನ ಬೇಕು, ಎರಡೇ ದಿನ ಕೊಟ್ರೂ ಪ್ರಯೋಜನ ಇಲ್ಲ.

ಲೆಕ್ಕದ ಪುಸ್ತಕ

ಸೆಪ್ಟೆಂಬರ್ ಬದಲಾವಣೆ ಮರೆತಿದ್ದೆ, ಒಪ್ಕೋತೀನಿ ಮೇಡಂ. ಊಟದ 5% ಸರಿ ಇದ್ಯಲ್ಲ?

ಕರಾವಳಿ ಬ್ಯಾಂಕ್ವೆಟ್

ಅಲ್ಲೇ ಇರುವುದು ಗುಂಡಿ. ಹುಡುಗ, ಒಂದು ಹೇಳು, ಹೋದ ದಸರಾಕ್ಕೆ ನಿಮ್ಮ ಹೋಟೆಲಿನಲ್ಲಿ ಅತಿ ಹೆಚ್ಚು ಎಷ್ಟಕ್ಕೆ ರೂಮ್ ಕೊಟ್ಟಿದ್ದೀರಿ?

ತಪ್ಪಲಿನ ಹುಡುಗ

ಜಂಬೂ ಸವಾರಿ ದಿನ ಎರಡು ಸೂಟ್ 9,000ಕ್ಕೆ ಹೋಗಿತ್ತು ಸಾರ್. ಬೇರೆ ದಿನ ಎಲ್ಲಾ 7,000 ಒಳಗೇ. ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಕರಾವಳಿ ಬ್ಯಾಂಕ್ವೆಟ್

ಸಂಬಂಧ ಉಂಟು. 2025ರ ಏಪ್ರಿಲ್‌ನಿಂದ ನಿಯಮ ಹೇಗೆ ಅಂದ್ರೆ, ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಒಂದು ರೂಮ್ ದಿನಕ್ಕೆ 7,500ಕ್ಕಿಂತ ಜಾಸ್ತಿಗೆ ಹೋಗಿದ್ರೂ, ಈ ವರ್ಷ ಪೂರ್ತಿ ಆ ಹೋಟೆಲಿನ ಒಳಗಿನ ಊಟಕ್ಕೆ 18%. ನಿಮ್ಮ ಆ ಎರಡು ಸೂಟಿನ ಒಂದು ರಾತ್ರಿ, ಮುಂದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಿಮ್ಮ ಬಿಸಿಬೇಳೆಬಾತ್‌ನ ಟ್ಯಾಕ್ಸ್ ನಿರ್ಧಾರ ಮಾಡ್ತದೆ. ಕಾನ್ಫರೆನ್ಸ್ ನಡೆಯೋದು ದಸರಾ ಆದ ಮುಂದಿನ ಹಣಕಾಸು ವರ್ಷದಲ್ಲಾದ್ರೆ 18% ಅಂತಲೇ ಬರೀಬೇಕು. ಅಕೌಂಟ್ಸ್‌ನವರ ಹತ್ರ ಹೋಗಿ ಈ ವರ್ಷ ನಾವು ಯಾವ ಲೆಕ್ಕದಲ್ಲಿದ್ದೇವೆ ಅಂತ ಕೇಳಿ ಖಾತ್ರಿ ಮಾಡ್ಕೋ. ಬರೇ ಹಾಲ್ ಬಾಡಿಗೆ, ಊಟ ಇಲ್ಲದೆ ಅಂದ್ರೆ, ಹೇಗಿದ್ರೂ 18%.

ಅಡ್ಮಿನ್ ಅಕ್ಕ

ಇದು ನಮಗೆ ಯಾಕೆ ಉರಿಯುತ್ತೆ ಗೊತ್ತಾ, ರೂಮಿನ ಜಿಎಸ್‌ಟಿ ಕರ್ನಾಟಕದಲ್ಲೇ ರಿಜಿಸ್ಟರ್ ಆಗಿರೋ ಕಂಪನಿಗೆ ಕ್ರೆಡಿಟ್ ಸಿಗುತ್ತೆ, ಊಟದ್ದು ಸಿಗಲ್ಲ. ಊಟದ 18% ಪೂರ್ತಿ ನಮ್ಮ ಬಜೆಟ್‌ನಿಂದಲೇ ಹೋಗೋದು. ಪ್ರಪೋಸಲ್‌ನಲ್ಲಿ 5% ಅಂತ ಬರೆದು ಬಿಲ್‌ನಲ್ಲಿ 18% ಬಂದ್ರೆ ನಾನು ಬಾಸ್ ಮುಂದೆ ನಿಂತ್ಕೋಬೇಕು.

ತಪ್ಪಲಿನ ಹುಡುಗ

ಅಯ್ಯೋ. ಅಕೌಂಟ್ಸ್‌ನಲ್ಲಿ ಕೇಳ್ದೆ, ಈ ಕಾನ್ಫರೆನ್ಸ್ ಬರೋ ವರ್ಷಕ್ಕೆ 18%ನೇ ಅಂತೆ. ಕಂಪನಿಗೂ ಫೋನ್ ಮಾಡ್ದೆ, ಅವ್ರು ಖುಷಿಯಾಗೇ ಎಲ್ಲಾ ಹೇಳಿದ್ರು, ಬೇರೆ ಹೋಟೆಲ್‌ನವ್ರು ಯಾರೂ ಕೇಳ್ಲಿಲ್ಲ ಅಂದ್ರು.

130ರಲ್ಲಿ 30 ಜನ ಮೈಸೂರು ಮಂಡ್ಯದವ್ರು, ಮನೆಗೆ ಹೋಗ್ತಾರೆ. ಉಳಿಯೋದು 100. ಅದರಲ್ಲಿ 10 ಜನಕ್ಕೆ ಸಿಂಗಲ್. ಬಾಕಿ 90ರಲ್ಲಿ 73 ಗಂಡಸರು, 17 ಹೆಂಗಸರು. ಮಂಗಳವಾರ ರಾತ್ರಿಯೇ ಬರೋರು 68. ಶುಕ್ರವಾರ ರಾತ್ರಿ ರೈಲು ಸಿಗದೆ ಉಳಿಯೋರು ಒಂಬತ್ತು ರೂಮ್. ಹೌಸ್‌ಕೀಪಿಂಗ್ ಅಣ್ಣ ಹೇಳಿದ್ದು: ಎರಡು ಹಾಸಿಗೆಯ ರೂಮ್ 34 ಮಾತ್ರ. ಉಳಿದ 50ರಲ್ಲಿ ಒಂದೇ ದೊಡ್ಡ ಮಂಚ.

ಕರಾವಳಿ ಬ್ಯಾಂಕ್ವೆಟ್

ನೋಡು, ಈಗ ಲೆಕ್ಕ ಮಾಡುವ. 73 ಗಂಡಸರು ಇಬ್ಬಿಬ್ಬರಾಗಿ 36 ಜೋಡಿ, ಒಬ್ಬ ಉಳೀತಾನೆ, 37 ರೂಮ್. 17 ಹೆಂಗಸರು ಎಂಟು ಜೋಡಿ, ಒಬ್ಬರು ಉಳೀತಾರೆ, ಒಂಬತ್ತು ರೂಮ್. ಅಲ್ಲಿಗೆ 46, ಸಿಂಗಲ್ 10 ಸೇರಿ 56. ಆ ಉಳಿದ ಇಬ್ಬರಿಗೆ ಸಿಂಗಲ್ ರೇಟ್ ಹಾಕ್ತೀರಾ ಡಬಲ್ ರೇಟ್ ಹಾಕ್ತೀರಾ ಅಂತ ಲೆಟರಿನಲ್ಲೇ ಬರಿ, ಇಲ್ಲದಿದ್ರೆ ಬಿಲ್ ದಿನ ಜಗಳ.

ಮಂಗಳವಾರ 68 ಜನ ಅಂದ್ರೆ ಎಂಟು ಸಿಂಗಲ್, 30 ಟ್ವಿನ್ ಅಂತ ಇಟ್ಟುಕೊಂಡ್ರೆ 38 ರೂಮ್. ಬುಧವಾರ 56, ಗುರುವಾರ 56, ಶುಕ್ರವಾರ 9. ಒಟ್ಟು 159 ರೂಮ್ ನೈಟ್. ನೀನು ಬರೆದದ್ದು 65 ಇಂಟು ಎರಡು, 130. ಅವರಿಗೆ ಬೇಕಾದದ್ದಕ್ಕಿಂತ ಒಂಬತ್ತು ರೂಮ್ ಜಾಸ್ತಿ ತೋರಿಸಿದ್ದೀ, ಆದ್ರೂ ನಿನ್ನ ವ್ಯಾಪಾರ 29 ರೂಮ್ ನೈಟ್ ಕಡಿಮೆ ಆಗಿತ್ತು. ಹಾಗೇ ಕಳಿಸಿದ್ದಿದ್ರೆ ಮಂಗಳವಾರ ರಾತ್ರಿ 68 ಜನ ಬಾಗಿಲಿಗೆ ಬಂದು ನಿಂತಿರ್ತಿದ್ರು, ಆ ರಾತ್ರಿ ರೂಮ್ ನೀವು ಬೇರೆಯವರಿಗೆ ಕೊಟ್ಟಿರ್ತಿದ್ರಿ.

ಹಾಸಿಗೆ ವಿಷಯ ಇನ್ನೂ ಗಂಭೀರ. ಜೋಡಿ 44 ಉಂಟು, ನಿಮ್ಮಲ್ಲಿ ಎರಡು ಹಾಸಿಗೆ ಇರುವುದು 34. ಹತ್ತು ಜೋಡಿ, ಇಪ್ಪತ್ತು ಜನ, ಒಂದೇ ಮಂಚದಲ್ಲಿ ಮಲಗಬೇಕಾ? ಆಫೀಸಿನವರು, ಗಂಡಹೆಂಡತಿ ಅಲ್ಲ. ಹತ್ತು ವರ್ಷದ ಹಿಂದೆ ನನ್ನ ಹೋಟೆಲಿನಲ್ಲೇ ಆಯ್ತು, ರಾತ್ರಿ ಹನ್ನೊಂದಕ್ಕೆ ಇಬ್ಬರು ರೀಜನಲ್ ಮ್ಯಾನೇಜರುಗಳು ದಿಂಬು ಹಿಡ್ಕೊಂಡು ರಿಸೆಪ್ಷನಿಗೆ ಬಂದ್ರು. ದೊಡ್ಡ ಮಂಚಗಳಲ್ಲಿ ಎರಡು ಹಾಸಿಗೆ ಜೋಡಿಸಿ ಮಾಡಿದ್ದು ಎಷ್ಟು ಅಂತ ಕೇಳು, ಅವನ್ನು ಬೇರೆ ಮಾಡ್ಲಿಕ್ಕೆ ಆಗ್ತದೆ.

ತಪ್ಪಲಿನ ಹುಡುಗ

16 ಇದಾವಂತೆ ಸಾರ್! ಹಾಗಾದ್ರೆ 50 ಆಯ್ತು, 44 ಸಾಕು.

ಕರಾವಳಿ ಬ್ಯಾಂಕ್ವೆಟ್

ಆಯ್ತು, ಆದ್ರೆ ಕುಣೀಬೇಡ. ಆ 50ರಲ್ಲಿ ಮಂಗಳವಾರ, ಬುಧವಾರ, ಗುರುವಾರ ಬೇರೆ ಗೆಸ್ಟ್‌ಗೆ ಟ್ವಿನ್ ಕೊಟ್ಟಿರಬಾರದು, ಇವತ್ತೇ ಸಿಸ್ಟಮಿನಲ್ಲಿ ಬ್ಲಾಕ್ ಮಾಡ್ಸು. 44ಕ್ಕೂ 50ಕ್ಕೂ ನಡುವೆ ಆರೇ ಆರು ಉಂಟು, ಅದರಲ್ಲಿ ಒಂದು ಎಸಿ ಕೆಟ್ಟಿರ್ತದೆ, ಒಂದರಲ್ಲಿ ನಲ್ಲಿ ಸೋರ್ತಾ ಇರ್ತದೆ. ರೂಮಿಂಗ್ ಲಿಸ್ಟ್ ಅಂದ್ರೆ ಯಾರು ಯಾರ ಜೊತೆ ಅನ್ನುವ ಪಟ್ಟಿ ಹತ್ತು ದಿನ ಮೊದಲೇ ಕೊಡಬೇಕು ಅಂತ ಲೆಟರಲ್ಲಿ ಬರಿ.

ಹುಬ್ಬಳ್ಳಿ ಮಂದಿ

ಮತ್ತ ಮಂಗಳವಾರ ರಾತ್ರಿ ಬಂದವ್ರಿಗೆ ಊಟ? ರೈಲು ಬಸ್ಸು ಇಳದು ಬರೂದ್ರಾಗ 10 ದಾಟಿರ್ತೈತಿ, ರೆಸ್ಟೋರೆಂಟ್ ಬಂದ್ ಅಂತಾರ.

ತಪ್ಪಲಿನ ಹುಡುಗ

ಇದು ನಾನು ಯೋಚ್ನೆನೇ ಮಾಡಿರ್ಲಿಲ್ಲ. ರೆಸ್ಟೋರೆಂಟ್ 11ರವರೆಗೆ ತೆರೆದಿಡೋಕೆ ಶೆಫ್ ಒಪ್ಪಿದ್ದಾರೆ, ಅನ್ನ ಸಾಂಬಾರ್, ಚಪಾತಿ, ಒಂದು ಪಲ್ಯ, ಮೊಸರನ್ನ ಅಂತ ಸಣ್ಣ ಊಟ. ಅದಕ್ಕೆ ಗ್ಯಾರಂಟಿ ಬೇಡ, ತಿಂದಷ್ಟಕ್ಕೆ ಬಿಲ್ ಅಂತ ಹಾಕ್ತೀನಿ.

ಅಡ್ಮಿನ್ ಅಕ್ಕ

ಒಳ್ಳೇದು. ಈಗ ಊಟದ ಸಂಖ್ಯೆ ಬಿಡಿಸಿ ಬರೀರಿ. ಬ್ರೇಕ್‌ಫಾಸ್ಟ್ ರೂಮ್ ರೇಟಲ್ಲೇ ಸೇರ್ಲಿ, ಬೇರೆ ಎಲ್ಲೂ ಬೇಡ. ಮಧ್ಯಾಹ್ನದ್ದು ಬುಧವಾರ ಗುರುವಾರ 130. ಶುಕ್ರವಾರ ಮಾತ್ರ ಎಷ್ಟು ಅಂತ ಕೇಳಿ, ಕೊನೆ ದಿನ ಸೆಷನ್ ಮುಗಿಯೋ ಮುಂಚೆನೇ ಬ್ಯಾಗ್ ಹಿಡ್ಕೊಂಡು ಓಡೋರು ಇರ್ತಾರೆ, ನಾವು ಯಾವಾಗ್ಲೂ 110ಕ್ಕೆ ಇಳಿಸ್ತೀವಿ. ರಾತ್ರಿ ಊಟ ಬುಧವಾರ ಉಳಿಯೋ 100 ಜನಕ್ಕೆ, ಗುರುವಾರ ರಾತ್ರಿಯ ದೊಡ್ಡ ಊಟ, ಅಂದ್ರೆ ಗಾಲಾ ಡಿನ್ನರ್, ಎಲ್ಲಾ 130. ಶುಕ್ರವಾರ ರಾತ್ರಿ ಪ್ಯಾಕೇಜ್ ಇಲ್ಲ.

ತಪ್ಪಲಿನ ಹುಡುಗ

ಹಾಗಾದ್ರೆ ಮಧ್ಯಾಹ್ನ 370, ರಾತ್ರಿ 230. ಹಾಲು, ಪ್ರೊಜೆಕ್ಟರು, ಎರಡು ಸಲ ಟೀ, ಲಂಚು ಸೇರಿ ತಲಾ 1,450, ಡಿನ್ನರ್ 1,100 ಅಂತ ಇಟ್ರೆ 5,36,500 ಮತ್ತು 2,53,000. ಟ್ಯಾಕ್ಸ್ 5% ಅಂತ ಹಾಕಿದ್ದಿದ್ರೆ 39,475, 18% ಅಂದ್ರೆ 1,42,110. ಒಂದು ಲಕ್ಷದ ಮೇಲೆ ವ್ಯತ್ಯಾಸ. ಎರಡು ಸೂಟ್‌ನಿಂದ.

ಲೆಕ್ಕದ ಪುಸ್ತಕ

ನನ್ನ 5% ಕೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು, ಕ್ಷಮಿಸಿ. ಆದ್ರೆ ಈಗ ಹೇಳೋದು ಸರಿ ಇದೆ ಅನ್ಕೋತೀನಿ, ಮೊದಲಿನ ಡ್ರಾಫ್ಟ್‌ನಲ್ಲಿ ಎಲ್ಲಾ ಸೇರಿಸಿ ತಲಾ 6,500 ಅಂತಿತ್ತಲ್ಲ, ಇಬ್ಬರಿಗೆ 13,000 ಆಯ್ತು, ಒಂದೇ ಬೆಲೆ ಅಂತ ಹೇಳಿದ್ರೆ ರೂಮಿನ ಬೆಲೆನೇ 7,500 ದಾಟಿದೆ ಅಂತ ಇಲಾಖೆಯವ್ರು ಪೂರ್ತಿಗೆ 18% ಕೇಳ್ಬಹುದು. ಬ್ರೇಕ್‌ಫಾಸ್ಟ್ ಸೇರಿ ರೂಮ್ 6,800 ಅಂತ ಬೇರೆ ಸಾಲು ಬರೆದ್ರೆ ಅದಕ್ಕೆ 5% ಉಳಿಯುತ್ತೆ.

ಕರಾವಳಿ ಬ್ಯಾಂಕ್ವೆಟ್

ಈ ಸಲ ನೀವು ಹೇಳಿದ್ದು ನನಗೂ ಸರಿ ಕಾಣ್ತದೆ. ಆದ್ರೆ ನನ್ನ ಪರಿಚಯದ ಒಬ್ಬ ಸಿಎ ಬಿಡಿಸಿ ಬರೆದ ಮಾತ್ರಕ್ಕೆ ಸಾಲದು, ಬೇಕಾದವರು ರೂಮ್ ಬಿಟ್ಟು ಊಟ ಮಾತ್ರ ತಗೊಳ್ಲಿಕ್ಕೆ ಆಗುವ ಹಾಗೆ ಇರಬೇಕು ಅಂತಾರೆ. ಇಲ್ಲಿ ಮೈಸೂರಿನ 30 ಜನ ಹಾಗೇ ತಗೊಳ್ತಿದ್ದಾರೆ, ಅದು ನಿಮಗೆ ಅನುಕೂಲ. ಆದ್ರೂ ನಿಮ್ಮ ಸಿಎ ಒಂದು ಸಲ ನೋಡ್ಲಿ.

ಭಟ್ರ ಅಡಿಗೆ

130 ಅಂತ ಗ್ಯಾರಂಟಿ ಕೊಟ್ಟು 95 ಜನ ಬಂದ್ರೆ? ನಮ್ಮಲ್ಲಿ ಎಲೆ ಎಣಿಸ್ತೀವಿ, ನಿಮ್ಮಲ್ಲಿ?

ಕರಾವಳಿ ಬ್ಯಾಂಕ್ವೆಟ್

ಪ್ಲೇಟ್ ಎಣಿಸ್ತಾರೆ ಭಟ್ರೇ. ಊಟಕ್ಕೆ ಮೊದಲು ಬಫೆಯಲ್ಲಿ ಇಟ್ಟ ಪ್ಲೇಟ್ ಎಷ್ಟು, ಕೊನೆಗೆ ಉಳಿದದ್ದು ಎಷ್ಟು ಅಂತ ಹೋಟೆಲ್‌ನವನೊಬ್ಬ, ಕಂಪನಿಯವನೊಬ್ಬ ಒಟ್ಟಿಗೆ ನಿಂತು ನೋಡಿ ಸಹಿ ಹಾಕಬೇಕು. ಒಬ್ಬನೇ ಎರಡು ಪ್ಲೇಟ್ ತಗೊಂಡ್ರೆ ಲೆಕ್ಕ ಏರ್ತದೆ, ಅದಕ್ಕೇ ಎರಡನೇ ಸಲ ಬಡಿಸಿಕೊಳ್ಳುವವರಿಗೆ ಪ್ಲೇಟ್ ಬೇರೆ ಕಡೆಯಿಂದ ಕೊಡಬೇಕು, ಅಥವಾ ಕೂಪನ್ ಇಡಬೇಕು. ಗ್ಯಾರಂಟಿ ಸಂಖ್ಯೆ ಕೊನೆಯದಾಗಿ ಮೂರು ದಿನ ಮೊದಲು ತಗೋ. ಗ್ಯಾರಂಟಿ ಅಥವಾ ನಿಜವಾಗಿ ಉಂಡವರು, ಯಾವುದು ಜಾಸ್ತಿಯೋ ಅದಕ್ಕೆ ಬಿಲ್, ಅಡುಗೆ ಐದು ಪರ್ಸೆಂಟ್ ಜಾಸ್ತಿ ಮಾಡಿರ್ತೇವೆ ಅಂತ ಬರಿ.

ಅಡ್ಮಿನ್ ಅಕ್ಕ

ಡ್ರೈವರ್‌ಗಳ ಊಟ ಮರೀಬೇಡಿ!! ಪ್ರತಿ ಸಲ ಇದೇ ರಗಳೆ. ಬೆಂಗಳೂರಿಂದ ಬಂದ ಗಾಡಿಗಳ ಡ್ರೈವರ್ ಹತ್ತು ಹನ್ನೆರಡು ಜನ, ಸ್ಟೇಜು ಸೌಂಡ್ ಮಾಡೋ ಹುಡುಗ್ರು ಇನ್ನೊಂದು ಹತ್ತು ಜನ, ಇವ್ರು ಎಲ್ಲಿ ಉಣ್ತಾರೆ ಅಂತ ಯಾರೂ ಬರೆದಿರಲ್ಲ. ಒಂದೋ ಅವ್ರನ್ನ ಬಫೆಗೆ ಬಿಟ್ಟು 1,450ರ ಬಿಲ್ ಹಾಕ್ತಾರೆ, ಇಲ್ಲಾಂದ್ರೆ ಹೊರಗೆ ನಿಲ್ಲಿಸ್ತಾರೆ. ತಲಾ ಮುನ್ನೂರು ಮುನ್ನೂರೈವತ್ತಕ್ಕೆ ಸ್ಟಾಫ್ ಕ್ಯಾಂಟೀನ್‌ನಲ್ಲಿ ಬಿಸಿ ಊಟ ಅಂತ ಒಂದು ಸಾಲು ಇದ್ರೆ ಆ ಪ್ರಪೋಸಲ್ ಮಾಡಿದವನಿಗೆ ಅನುಭವ ಇದೆ ಅಂತ ನಾನು ನಂಬ್ತೀನಿ.

ತಪ್ಪಲಿನ ಹುಡುಗ

ಬರ್ಕೊಂಡೆ ಅಕ್ಕ. ಇನ್ನು ರೂಮ್ ಕಡಿಮೆ ಆದ್ರೆ ಏನ್ ಮಾಡೋದು? ಎಷ್ಟೇ ಕಡಿಮೆ ಆದ್ರೂ ಹಿಡಿದಿಟ್ಟಿದ್ದರ 80% ರೂಮಿಗೆ ದುಡ್ಡು ಕೊಡ್ಬೇಕು ಅಂತ ಹಾಕು ಅಂದ್ರು ಮ್ಯಾನೇಜರ್, ಅಷ್ಟೇ ಹೇಳಿ ಫೋನ್ ಇಟ್ರು.

ಕರಾವಳಿ ಬ್ಯಾಂಕ್ವೆಟ್

80% ಯಾವುದರ ಮೇಲೆ ಅನ್ನುವುದೇ ಪ್ರಶ್ನೆ. ಒಟ್ಟು 159ರ ಮೇಲಾ, ಒಂದೊಂದು ರಾತ್ರಿಯ ಮೇಲಾ? ಹೀಗೆ ಇಟ್ಕೋ: ಮಂಗಳವಾರ 38 ಹಿಡಿದದ್ದು, ಬಂದದ್ದು 20 ರೂಮ್. ಬುಧವಾರ ಗುರುವಾರ ಪೂರ್ತಿ 56. ಶುಕ್ರವಾರ ಯಾರೂ ಉಳಿಯಲಿಲ್ಲ. ಒಟ್ಟು 132 ಆಯ್ತು. 159ರ 80% ಅಂದ್ರೆ ಸುಮಾರು 127, ಅದನ್ನು ದಾಟಿದೆ, ಕಂಪನಿ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅದೇ ರಾತ್ರಿ ರಾತ್ರಿ ಲೆಕ್ಕ ಹಿಡಿದ್ರೆ ಮಂಗಳವಾರ 30 ಇರಬೇಕಿತ್ತು, ಹತ್ತು ಕಡಿಮೆ, ಶುಕ್ರವಾರ ಏಳು ಕಡಿಮೆ, 17 ರೂಮ್ ನೈಟ್. ಸರಾಸರಿ 6,500 ಅಂದ್ರೆ 1,10,500 ರೂಪಾಯಿ. ಒಂದೇ 80%, ಎರಡು ಅರ್ಥ. ನಾನು ಹೋಟೆಲಿನವ, ರಾತ್ರಿ ಲೆಕ್ಕವೇ ಬರಿ ಅಂತೇನೆ, ಮಂಗಳವಾರ ಖಾಲಿ ಬಿದ್ದ ರೂಮನ್ನು ಬುಧವಾರ ಮಾರ್ಲಿಕ್ಕೆ ಆಗುದಿಲ್ಲ.

ಅಡ್ಮಿನ್ ಅಕ್ಕ

ನಾನು ಸೈನ್ ಹಾಕಲ್ಲ. ಒಟ್ಟು ಲೆಕ್ಕ ಇರ್ಬೇಕು. ಜನರ ರೈಲು ಟಿಕೆಟ್ ವೇಟಿಂಗ್‌ನಲ್ಲಿರುತ್ತೆ, ಮಂಗಳವಾರ ಬರ್ತಾರೋ ಬುಧವಾರ ಬರ್ತಾರೋ ನನಗೇ ಗೊತ್ತಿರಲ್ಲ. ಮತ್ತೆ ಇನ್ನೊಂದು, ಎರಡು ವರ್ಷದ ಹಿಂದೆ ಒಂದು ಊರಲ್ಲಿ ಹೀಗೇ 14 ರೂಮ್ ಕಡಿಮೆ ಆಯ್ತು, ಹೋಟೆಲ್‌ನವ್ರು ಪೂರ್ತಿ ಬಿಲ್ ಹಾಕಿದ್ರು, ಅವತ್ತು ರಾತ್ರಿ ಲಾಬಿ ತುಂಬಾ ಮದುವೆ ದಿಬ್ಬಣ, ನಮ್ಮ 14 ರೂಮ್ ಅವ್ರಿಗೆ ಮಾರಿದ್ರು. ಎರಡು ಕಡೆ ದುಡ್ಡು. ನಾವು ಬಿಟ್ಟ ರೂಮ್ ಬೇರೆಯವ್ರಿಗೆ ಹೋದ್ರೆ ಅಷ್ಟನ್ನ ನಮ್ಮ ಬಿಲ್‌ನಿಂದ ಕಳೀತೀವಿ ಅಂತ ಬರೀದೆ ಇದ್ರೆ ನಾನು ಮುಂದಿನ ಪೇಜ್ ತಿರುವೋದೇ ಇಲ್ಲ.

ಕರಾವಳಿ ಬ್ಯಾಂಕ್ವೆಟ್

ಕಳೆಯುವುದಕ್ಕೆ ನನ್ನ ಅಡ್ಡಿ ಇಲ್ಲ, ಅದು ನ್ಯಾಯ. ಆದ್ರೆ 84ರಲ್ಲಿ 70 ತುಂಬಿದ್ರೆ ಖಾಲಿ ಇರುವ 14 ನಿಮ್ಮದಾ ನಮ್ಮದಾ? ಹೋಟೆಲ್ ಪೂರ್ತಿ ತುಂಬಿದ್ರೆ ಮಾತ್ರ ನಿಮ್ಮದು ಮಾರಾಟವಾಯ್ತು ಅಂತ ಲೆಕ್ಕ.

ಅಡ್ಮಿನ್ ಅಕ್ಕ

ಪೂರ್ತಿ ತುಂಬಿತ್ತಾ ಇಲ್ವಾ ಅಂತ ನಾನು ಹೇಗೆ ನೋಡ್ಲಿ ಸರ್, ನಿಮ್ಮ ಸಿಸ್ಟಮ್ ನಿಮ್ಮ ಕೈಯಲ್ಲಿ.

ಹುಬ್ಬಳ್ಳಿ ಮಂದಿ

ಇವ್ರಿಬ್ಬರ ಜಗಳ ಮುಗಿಯಂಗಿಲ್ಲ, ಹುಡುಗ, ನೀ ನಡುವಿಂದು ಏನರೆ ಬರಿ.

ತಪ್ಪಲಿನ ಹುಡುಗ

ನಡುವಿಂದು ಅಂದ್ರೆ ಹೀಗೆ ಮಾಡ್ದೆ. 30 ದಿನ ಮೊದಲವರೆಗೆ ಯಾವ ರಾತ್ರಿಯಿಂದ ಬೇಕಾದ್ರೂ 20% ರೂಮ್ ಬಿಡಬಹುದು, ದುಡ್ಡಿಲ್ಲ. 15 ದಿನ ಮೊದಲವರೆಗೆ ಇನ್ನೂ 10%. ಆಮೇಲೆ ಉಳಿದಿದ್ದರ ಮೇಲೆ ಬುಧವಾರ ಗುರುವಾರ ರಾತ್ರಿ ಲೆಕ್ಕ, ಮಂಗಳವಾರ ಶುಕ್ರವಾರ ಎರಡೂ ಸೇರಿಸಿ ಒಟ್ಟು ಲೆಕ್ಕ. ಮರುಮಾರಾಟ ಆದದ್ದನ್ನ ಕಳೀತೀವಿ, ಆ ರಾತ್ರಿಯ ಆಕ್ಯುಪೆನ್ಸಿ ರಿಪೋರ್ಟ್ ಬಿಲ್ ಜೊತೆ ಲಗತ್ತಿಸ್ತೀವಿ. ಮ್ಯಾನೇಜರ್‌ಗೆ ಕಳಿಸಿದ್ದೀನಿ, ರಿಪೋರ್ಟ್ ಕೊಡೋ ಮಾತಿಗೆ ಅವರು ಇನ್ನೂ ಹೂಂ ಅಂದಿಲ್ಲ.

ಕರಾವಳಿ ಬ್ಯಾಂಕ್ವೆಟ್

ಪರವಾಗಿಲ್ಲ, ಬುದ್ಧಿ ಉಂಟು ನಿನಗೆ. ಒಂದೇ ಒಂದು ಸೇರಿಸು, ಹಾಲ್ ಮಂಗಳವಾರ ಸಂಜೆ ಆರರಿಂದ ಶುಕ್ರವಾರ ಸಂಜೆವರೆಗೆ ಇಪ್ಪತ್ನಾಲ್ಕು ಗಂಟೆಯೂ ಅವರದ್ದೇ ಅಂತ. ಇಲ್ಲದಿದ್ರೆ ಬುಧವಾರ ರಾತ್ರಿ ನಿಮ್ಮ ಬ್ಯಾಂಕ್ವೆಟ್ ಮ್ಯಾನೇಜರ್ ಯಾರದ್ದೋ ರಿಸೆಪ್ಷನ್ ಹಾಕ್ತಾನೆ, ಗುರುವಾರ ಬೆಳಿಗ್ಗೆ ಸ್ಟೇಜಿನ ಮೇಲೆ ಹೂವಿನ ಮಂಟಪ ಇರ್ತದೆ. ಮತ್ತೆ ಗಾಲಾ ಲಾನ್‌ನಲ್ಲಾದ್ರೆ ಸ್ಪೀಕರ್ ರಾತ್ರಿ 10ಕ್ಕೆ ಬಂದ್, ಅದನ್ನೂ ಬರಿ, ಆಮೇಲೆ ಡಿಜೆ ಹುಡುಗ ನಿನ್ನ ಕಾಲರ್ ಹಿಡೀಬಾರದು.

ತಪ್ಪಲಿನ ಹುಡುಗ

ಸರಿ ಸಾರ್. ಹೊಸ ಲೆಟರ್ ಹೀಗೆ ಶುರು ಆಗುತ್ತೆ, ಹೊಗಳಿಕೆ ಸಾಲು ಪೂರ್ತಿ ತೆಗೆದೆ, ಹೋಟೆಲ್ ಫೋಟೋ ಕೊನೇ ಪೇಜ್‌ಗೆ ಹೋಯ್ತು:

"ನಿಮ್ಮೊಂದಿಗೆ ಫೋನಿನಲ್ಲಿ ಮಾತನಾಡಿದಂತೆ, 100 ಜನರ ವಾಸ್ತವ್ಯಕ್ಕೆ ಮಂಗಳವಾರ 38, ಬುಧವಾರ 56, ಗುರುವಾರ 56, ಶುಕ್ರವಾರ 9 ರೂಮುಗಳನ್ನು ನಿಮ್ಮ ಹೆಸರಿನಲ್ಲಿ ಕಾದಿರಿಸಿದ್ದೇವೆ. ಇಬ್ಬರು ತಂಗುವ ಪ್ರತಿ ರೂಮಿನಲ್ಲೂ ಪ್ರತ್ಯೇಕ ಎರಡು ಹಾಸಿಗೆಗಳಿರುತ್ತವೆ. ಬ್ರೇಕ್‌ಫಾಸ್ಟ್ ಸೇರಿ ಸಿಂಗಲ್ ರೂ. 6,200, ಡಬಲ್ ರೂ. 6,800, ಜಿಎಸ್‌ಟಿ 5%. ಜೋಡಿ ಸಿಗದೆ ಉಳಿಯುವ ಇಬ್ಬರಿಗೆ ಸಿಂಗಲ್ ದರವೇ ಅನ್ವಯ. ಊಟ ಮತ್ತು ಹಾಲ್ ದರಗಳು ಪ್ರತ್ಯೇಕವಾಗಿದ್ದು, ಅವುಗಳಿಗೆ ಜಿಎಸ್‌ಟಿ 18%. ಈ ಕಾದಿರಿಸುವಿಕೆ ಇಂದಿನಿಂದ 14 ದಿನಗಳವರೆಗೆ ಇರುತ್ತದೆ. ತೆರಿಗೆ ಸೇರಿ ಒಟ್ಟು ಮೊತ್ತ ಮುಂದಿನ ಪುಟದಲ್ಲಿ ಒಂದೇ ಪಟ್ಟಿಯಲ್ಲಿದೆ."

ಅಡ್ಮಿನ್ ಅಕ್ಕ

ಇದನ್ನ ನಾನು ಓದ್ತೀನಿ. ಮುಂಗಡ 50% ಮಾತ್ರ ನಮ್ಮ ಫೈನಾನ್ಸ್‌ನವ್ರು ಒಪ್ಪಲ್ಲ, ಸೈನ್ ಮಾಡುವಾಗ 25, ಹದಿನೈದು ದಿನ ಮೊದಲು 50, ಉಳಿದಿದ್ದು ಬಿಲ್ ಮೇಲೆ ಅಂತ ಇಟ್ಟು ನೋಡಿ. ಲಾಂಡ್ರಿ, ರೂಮ್ ಸರ್ವಿಸ್, ಮಿನಿಬಾರ್ ಖರ್ಚು ಆಯಾ ಗೆಸ್ಟೇ ಕೊಡಬೇಕು ಅಂತಾನೂ ಹಾಕಿ, ಆಮೇಲೆ ಯಾರೋ ಕುಡಿದ ಬಿಯರ್ ನಮ್ಮ ಮಾಸ್ಟರ್ ಬಿಲ್‌ಗೆ ಬರೋದು ಬೇಡ.

ಭಟ್ರ ಅಡಿಗೆ

ಗಾಲಾ ಬುಧವಾರಕ್ಕೆ ಹಾಕಿದ್ರಾ ಕೊನೆಗೆ?

ತಪ್ಪಲಿನ ಹುಡುಗ

ಕೇಳಿದೆ ಭಟ್ರೇ. ಗುರುವಾರ ಅವ್ರ ಎಂಡಿ ಬರ್ತಾರಂತೆ, ಬದಲಾಯಿಸೋಕಾಗಲ್ಲ ಅಂದ್ರು. ವೆಜ್ 85, ನಾನ್‌ವೆಜ್ 45 ಅಂತ ಶೆಫ್‌ಗೆ ಹೇಳಿದ್ದೀನಿ.

ಭಟ್ರ ಅಡಿಗೆ

95 ಮಾಡಿ. ಪನೀರು ಉಳಿದ್ರೆ ಡ್ರೈವರ್‌ಗಳು ತಿಂತಾರೆ.